ಐದನೇ ತಾರೀಖಿಗೆ ನೂರೆಂಬತ್ತು ರೂಪಾಯಿ ಕಡಿಮೆ

ಶಿಗ್ಗಾವಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಮೊಬೈಲಿನಲ್ಲಿ 4,500 ರೂಪಾಯಿಯ ಮಿಕ್ಸರ್ ನೋಡಿದಳು. ಕೆಳಗೆ ‘ಪೇ ಲೇಟರ್’ ಅಂತ ಇತ್ತು. ತಿಂಗಳಿಗೆ 1,500ರಂತೆ ಮೂರು ಕಂತು, ಬಡ್ಡಿ ಇಲ್ಲ. ಆಧಾರ್, ಪ್ಯಾನ್, ಓಟಿಪಿ ಎಲ್ಲ ಮುಗಿದ ಮೇಲೆ ಸಂಬಳದ ಖಾತೆಯಿಂದ ಪ್ರತಿ ತಿಂಗಳು 5ನೇ ತಾರೀಖಿಗೆ ಹಣ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟಳು. ಈ ಒಪ್ಪಿಗೆಗೆ ಬ್ಯಾಂಕಿನವರು ಮ್ಯಾಂಡೇಟ್ ಎನ್ನುತ್ತಾರೆ. ಮೊದಲ ಕಂತು ಸರಿಯಾಗಿ ಹೋಯಿತು.

ಎರಡನೇ ತಿಂಗಳ 5ರ ಬೆಳಿಗ್ಗೆ ಖಾತೆಯಲ್ಲಿ ಇದ್ದದ್ದು 1,320 ರೂಪಾಯಿ, ಅಂದರೆ 180 ಕಡಿಮೆ. ಆಟೋ ಡೆಬಿಟ್ಟಿನಲ್ಲಿ ಅರ್ಧಂಬರ್ಧ ಅನ್ನುವುದಿಲ್ಲ. ಪೂರ್ತಿ 1,500 ಸಿಕ್ಕರೆ ತೆಗೆಯುತ್ತದೆ, ಸಿಗದಿದ್ದರೆ ವಾಪಸ್ ಹೋಗುತ್ತದೆ. ವಾಪಸ್ ಹೋಯಿತು. ಬೌನ್ಸ್ ಆಗಿದ್ದಕ್ಕೆ ಅವಳ ಬ್ಯಾಂಕು 250 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 45 ರೂಪಾಯಿ ಸೇರಿಸಿ 295 ಮುರಿದುಕೊಂಡಿತು ಎಂದಿಟ್ಟುಕೊಳ್ಳಿ. ಬ್ಯಾಂಕಿನಿಂದ ಬ್ಯಾಂಕಿಗೆ ಈ ಮೊತ್ತ ಬೇರೆಯಾಗುತ್ತದೆ, ಆದರೆ ಲೆಕ್ಕ ನಡೆಯುವ ರೀತಿ ಇದೇ. ಖಾತೆಯಲ್ಲಿ ಉಳಿದದ್ದು 1,025.

ಬೌನ್ಸ್ ಆದ ಮೆಸೇಜು ನೋಡಿ ಗಾಬರಿಯಾದವಳು 6ಕ್ಕೆ ಗಂಡನ ಫೋನಿನಿಂದ 200 ರೂಪಾಯಿ ಹಾಕಿಸಿಕೊಂಡಳು. 1,320ಕ್ಕೆ 200 ಸೇರಿ 1,520 ಆಯಿತು, ಸಾಕು ಅನ್ನುವುದು ಅವಳ ಲೆಕ್ಕ. ಬ್ಯಾಂಕಿನ ಶುಲ್ಕ ಆಗಲೇ ಹೋಗಿದ್ದು ಅವಳಿಗೆ ಗೊತ್ತಿಲ್ಲ. ನಿಜವಾಗಿ ಇದ್ದದ್ದು 1,225. ಸಾಲ ಕೊಟ್ಟ ಕಂಪನಿ 7ರ ಬೆಳಿಗ್ಗೆ ಮತ್ತೊಮ್ಮೆ ಪ್ರಯತ್ನಿಸಿತು, ಅದೂ ಬೌನ್ಸ್ ಆಗಿ ಮತ್ತೆ 295 ಹೋಯಿತು. ಅದೇ ದಿನ ಸಂಜೆ ಸಂಬಳ ಬಿತ್ತು. ಆಮೇಲೆ ಆ್ಯಪ್ ತೆರೆದು ನೋಡಿದರೆ 1,500ರ ಜೊತೆಗೆ ಕಂಪನಿಯ ತಡಪಾವತಿ ದಂಡ 300. ಎಲ್ಲ ಕೂಡಿಸಿದರೆ 180 ರೂಪಾಯಿಯ ಕೊರತೆಗೆ 890 ರೂಪಾಯಿ ದಂಡ ತೆತ್ತಂತಾಯಿತು. ಬಡ್ಡಿಯಿಲ್ಲದ ಸಾಲದ ಕಥೆ ಇದು.

ಇದರಲ್ಲಿ ಅವಳ ಅಜಾಗರೂಕತೆ ಬಹಳ ಇಲ್ಲ. ವೇತನ ಪಾವತಿಯ ಕಾನೂನು ಮಾಲೀಕರಿಗೆ ಮುಂದಿನ ತಿಂಗಳ 7ನೇ ತಾರೀಖಿನವರೆಗೆ ಅವಕಾಶ ಕೊಡುತ್ತದೆ. ಹಿಂದಿನ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರ ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಅದು 10ರವರೆಗೂ ಇತ್ತು. ಹಲವು ಪೇ ಲೇಟರ್ ಸೇವೆಗಳ ಕಂತಿನ ತಾರೀಖು ಮಾತ್ರ 5, ಇಲ್ಲವೇ ತಿಂಗಳ ಮೊದಲ ದಿನಗಳು. ಮೊದಲನೇ ತಾರೀಖಿಗೆ ಸಂಬಳ ಬೀಳುವ ನಗರದ ಕಚೇರಿ ನೌಕರರಿಗೆ ಹೊಂದುವ ತಾರೀಖನ್ನು, ಕಾನೂನುಬದ್ಧವಾಗಿಯೇ 7ಕ್ಕೆ ಸಂಬಳ ಪಡೆಯುವವರಿಗೂ ಹಾಕಿಬಿಟ್ಟಿದ್ದಾರೆ. ಹಿರೇಕೆರೂರಿನ ಕಡೆ ಬೀಜೋತ್ಪಾದನೆ ಮಾಡುವ ರೈತರನ್ನು ತೆಗೆದುಕೊಂಡರೆ ಅಂತರ ಇನ್ನೂ ದೊಡ್ಡದು. ಬೀಜ ಕೊಟ್ಟು, ಕಂಪನಿಯವರ ಗುಣಮಟ್ಟದ ಪರೀಕ್ಷೆ ಮುಗಿದ ಮೇಲೆ ದುಡ್ಡು. ಹಾನಗಲ್ಲಿನ ಮಾವಿನ ದುಡ್ಡು ಬೇಸಿಗೆಗೆ, ಭತ್ತದ್ದು ಸುಗ್ಗಿಗೆ. ಸವಣೂರಿನ ಎಲೆಬಳ್ಳಿ ತೋಟದವರಿಗೆ ಕೊಯ್ಲು ಇದ್ದಾಗ ಕೈಯಲ್ಲಿ ನಗದು ಓಡಾಡುತ್ತದೆ, ಆದರೆ ಅದು ಬ್ಯಾಂಕ್ ಖಾತೆಗೆ ಹೋಗುವುದು ಅಪರೂಪ. ಪ್ರತಿ ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಎಂಬ ಕಟ್ಟುಪಾಡಿಗೆ ನಮ್ಮ ನಾಲ್ಕೂ ತಾಲೂಕುಗಳ ಬಹುಪಾಲು ಆದಾಯ ಹೊಂದುವುದೇ ಇಲ್ಲ.

ಇನ್ನೊಂದು ತೊಡಕು ಮನೆಯಲ್ಲಿ ಎರಡು ಮೂರು ಖಾತೆ ಇರುವುದರಿಂದ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಆಗಲಿ, ಪಿಎಂ ಕಿಸಾನ್ ಕಂತಾಗಲಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ಎರಡು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದರೆ ಕೊನೆಗೆ ಜೋಡಿಸಿದ ಬ್ಯಾಂಕಿನ ಖಾತೆಗೆ. ಪೇ ಲೇಟರ್ ಮ್ಯಾಂಡೇಟ್ ಹಾಗಲ್ಲ, ಅದು ನೀವು ಒಪ್ಪಿಗೆ ಕೊಟ್ಟ ಆ ಒಂದು ಖಾತೆ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹೀಗಾಗಿ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 4,000 ಇದ್ದರೂ, ಕಾರ್ಖಾನೆಯವರು ಮಾಡಿಸಿದ ಖಾತೆಯಲ್ಲಿ ಕಂತು ಬೌನ್ಸ್ ಆಗಬಹುದು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅದರಲ್ಲಿ ಖಾತೆ ಇದ್ದು ಅಲ್ಲಿಗೇ ಮ್ಯಾಂಡೇಟ್ ಕೊಟ್ಟಿರುವವರು ಸಾಲದ ಆ್ಯಪಿನಲ್ಲಿ ತಮ್ಮ ಮ್ಯಾಂಡೇಟ್ ‘Active’ ಎಂದೇ ತೋರಿಸುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಣ ಯಾವಾಗ ಇರಬೇಕು ಅನ್ನುವುದಕ್ಕೂ ಒಂದು ಮಾತು. ‘5ನೇ ತಾರೀಖು’ ಅಂದರೆ 5ರ ರಾತ್ರಿಯೊಳಗೆ ಎಂದು ನಾವು ತಿಳಿಯುತ್ತೇವೆ. ಆಟೋ ಡೆಬಿಟ್ ಬೆಳಗ್ಗೆಯೇ ಬರಬಹುದು, ಹಾಗಾಗಿ 4ರ ರಾತ್ರಿಯೇ ಖಾತೆಯಲ್ಲಿ ದುಡ್ಡು ಇರಬೇಕು. 5 ಭಾನುವಾರ ಬಂದರೆ ಸೋಮವಾರ ತೆಗೆಯುತ್ತಾರೆ ಎಂಬ ಹಳೆಯ ನಂಬಿಕೆಯೂ ಈಗ ನಡೆಯುವುದಿಲ್ಲ. 2021ರ ಆಗಸ್ಟ್ 1ರಿಂದ ಬ್ಯಾಂಕುಗಳ ನಡುವಿನ ಈ ಕಡಿತದ ವ್ಯವಸ್ಥೆ, ಅಂದರೆ ನ್ಯಾಚ್, ವಾರದ ಏಳೂ ದಿನ ನಡೆಯುತ್ತಿದೆ. ಯುಪಿಐ ಆಟೋಪೇ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ಒಂದು ಪ್ರಯತ್ನ ವಿಫಲವಾದ ಮೇಲೆ ಗರಿಷ್ಠ ಮೂರು ಬಾರಿ ಮತ್ತೆ ಪ್ರಯತ್ನಿಸಲು 2025ರ ಆಗಸ್ಟ್‌ನಿಂದ ಮಿತಿ ಇದೆ. ಮತ್ತೆ ಪ್ರಯತ್ನಿಸುತ್ತಾರೆ ಎಂದು ಕಾಯುತ್ತ ಕೂರುವುದಕ್ಕಿಂತ ಆ್ಯಪ್ ತೆರೆದು ತಾನೇ ಕಟ್ಟಿಬಿಡುವುದು ಲೇಸು. ನಮ್ಮ ಹೊಲಿಗೆಯ ಹೆಣ್ಣುಮಗಳು 5ರ ಬೆಳಿಗ್ಗೆ ಮೆಸೇಜು ಬಂದ ಕೂಡಲೇ ಗಂಡನ ಫೋನಿನ ಯುಪಿಐನಿಂದ ಆ್ಯಪಿನಲ್ಲಿ ನೇರವಾಗಿ 1,500 ಕಟ್ಟಿದ್ದರೆ ಎರಡನೇ ಬೌನ್ಸಿನ 295 ಉಳಿಯುತ್ತಿತ್ತು, ತಡಪಾವತಿಯ ದಂಡವೂ ಬಹುಶಃ ಬೀಳುತ್ತಿರಲಿಲ್ಲ. 4ರಂದೇ ಕಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ದಂಡ ಕಟ್ಟಿದ ಮೇಲೆ ವಿಷಯ ಮುಗಿಯಿತು ಎಂದುಕೊಂಡರೆ ಮುಗಿಯುವುದಿಲ್ಲ, ಲಿಮಿಟ್ಟಿನ ಕಥೆ ಇನ್ನು ಶುರುವಾಗುತ್ತದೆ.

ಆ್ಯಪಿನಲ್ಲಿ ‘ನಿಮ್ಮ ಲಿಮಿಟ್ 20,000’ ಎಂದು ಕಂಡರೆ ಅದು ನಮಗೆ ಮಂಜೂರಾದ ಹಣ ಎಂಬ ಭಾವನೆ ಬರುತ್ತದೆ. ಅದು ಹಾಗಲ್ಲ. ಇವತ್ತಿಗೆ ನಿಮಗೆ ಇಷ್ಟರವರೆಗೆ ಕೊಡಬಹುದು ಎಂಬ ಕಂಪನಿಯ ಅಂದಾಜು ಮಾತ್ರ. ಕಿರಾಣಿ ಅಂಗಡಿಯ ಉದ್ರಿ ಖಾತೆಯಂತೆಯೇ ಇದು. ಅಂಗಡಿಯ ಯಜಮಾನರು ಹಿಂದಿನ ಬಾಕಿ ನೋಡಿಯೇ ಮುಂದಿನ ಸಕ್ಕರೆ ಕಟ್ಟಿಕೊಡುತ್ತಾರೆ. ಆದರೆ ಅವರಿಗೆ ನಿಮ್ಮ ಮನೆ ಗೊತ್ತು, ಈ ವರ್ಷ ಮಳೆ ಕೈಕೊಟ್ಟದ್ದು ಗೊತ್ತು. ಕಂಪನಿಯ ಯಂತ್ರಕ್ಕೆ ಗೊತ್ತಿರುವುದು ತಾರೀಖು ಮತ್ತು ಮೊತ್ತ, ಎರಡೇ.

ಬೌನ್ಸ್ ಆದ ದಿನವೇ ಸಾಮಾನ್ಯವಾಗಿ ಲಿಮಿಟ್ ಸ್ಥಗಿತವಾಗುತ್ತದೆ. ಬಳಸದ ಲಿಮಿಟ್ ಇನ್ನೂ ಕಾಣುತ್ತಿದ್ದರೂ ಹೊಸದಾಗಿ ಏನೂ ಕೊಳ್ಳಲು ಬಿಡುವುದಿಲ್ಲ. ಬಾಕಿ ಕಟ್ಟಿದ ಮೇಲೆ ಕೆಲವು ಕಂಪನಿಗಳು ಎರಡು ಮೂರು ದಿನದಲ್ಲಿ ತೆರೆಯುತ್ತವೆ, ಕೆಲವು ಮುಂದಿನ ಒಂದೆರಡು ಕಂತು ಸಮಯಕ್ಕೆ ಬರುವವರೆಗೆ ಕಾಯುತ್ತವೆ. ತೆರೆದಾಗ 20,000 ಇದ್ದದ್ದು 8,000 ಆಗಿರಬಹುದು. ಇಳಿಸಲು ನಿಮ್ಮನ್ನು ಕೇಳಬೇಕಾಗಿಲ್ಲ. ಏರಿಸಲು ಮಾತ್ರ ಕೇಳಲೇಬೇಕು. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮಗಳಲ್ಲಿ, ಗ್ರಾಹಕರ ಸ್ಪಷ್ಟ ಒಪ್ಪಿಗೆ ದಾಖಲಾಗದೆ ಲಿಮಿಟ್ ತಾನಾಗಿ ಹೆಚ್ಚಿಸುವಂತಿಲ್ಲ ಎಂದಿದೆ. ‘ಅಭಿನಂದನೆಗಳು, ನಿಮ್ಮ ಲಿಮಿಟ್ 40,000 ಆಗಿದೆ’ ಎಂಬ ಸಂದೇಶ ನೀವು ಕೇಳದೆ ಒಪ್ಪದೆ ಬಂದರೆ ಅದು ನಿಯಮಕ್ಕೆ ವಿರುದ್ಧ. ತಿಂಗಳಿಗೆ 1,500 ಕಟ್ಟಲು ಹೆಣಗುವ ಮನೆಗೆ 40,000ದ ಲಿಮಿಟ್ ಉಪಕಾರವಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದು ಕಂಪನಿಯ ಒಳಗಿನ ದಾಖಲೆಯ ಮಾತಾಯಿತು. ಎರಡನೇ ದಾಖಲೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳ ಬಳಿ ಇರುತ್ತದೆ. ಪೇ ಲೇಟರ್ ಅಂದರೆ ಸಾಲವಲ್ಲ, ಬರೀ ತಡವಾಗಿ ಕೊಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಸಾಲವೇ. ಹಿಂದೆ ಒಂದು ಬ್ಯಾಂಕೋ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಫೈನಾನ್ಸ್ ಕಂಪನಿಯೋ ಇರುತ್ತದೆ, ಮತ್ತು ಎಷ್ಟೇ ಚಿಕ್ಕದಾದರೂ ಅದರ ವಿವರ ಈ ಸಂಸ್ಥೆಗಳಿಗೆ ಹೋಗಬೇಕು. 2025ರ ಜನವರಿಯಿಂದ ಈ ವಿವರವನ್ನು ಕನಿಷ್ಠ ಹದಿನೈದು ದಿನಕ್ಕೊಮ್ಮೆ, ಅಂದರೆ 15ನೇ ತಾರೀಖು ಮತ್ತು ತಿಂಗಳ ಕೊನೆಯ ದಿನದ ಸ್ಥಿತಿಯನ್ನು ಕಳಿಸಬೇಕೆಂಬ ನಿಯಮ ಜಾರಿಯಾಯಿತು. ಮೊದಲು ತಿಂಗಳಿಗೊಮ್ಮೆ ಇತ್ತು. ಈ ಲೆಕ್ಕದಲ್ಲಿ 5ರಂದು ಬೌನ್ಸ್ ಆಗಿ 7ಕ್ಕೆ ಕಟ್ಟಿದವರ ಖಾತೆ 15ರ ಚಿತ್ರದಲ್ಲಿ ಶುದ್ಧವಾಗಿಯೇ ಕಾಣಬೇಕು. 16ಕ್ಕೆ ಕಟ್ಟಿದವರ ಹೆಸರಿನ ಮುಂದೆ ಹತ್ತು ದಿನದ ಬಾಕಿ ಎಂದು ಬೀಳುತ್ತದೆ. ಸಿಬಿಲ್ ವರದಿಯಲ್ಲಿ ಹಿಂದಿನ 36 ತಿಂಗಳವರೆಗಿನ ಕಟ್ಟಿದ ಚರಿತ್ರೆ ಕಾಣುತ್ತದೆ. ಮೂರು ವರ್ಷದ ಹಿಂದಿನ ಒಂದು ಮಿಕ್ಸರಿನ ಕಂತು ನಾಳೆ ಟ್ರ್ಯಾಕ್ಟರ್ ಸಾಲ ಕೇಳಲು ಹೋದಾಗ ಮ್ಯಾನೇಜರ್ ಎದುರಿನ ಪರದೆಯ ಮೇಲೆ ಇರುತ್ತದೆ. ಮಹಿಳಾ ಸಂಘಗಳ ಮೂಲಕ ತೆಗೆದ ಮೈಕ್ರೋಫೈನಾನ್ಸ್ ಸಾಲವೂ ಇವೇ ಸಂಸ್ಥೆಗಳಲ್ಲಿ ದಾಖಲಾಗುವುದರಿಂದ ಎರಡನ್ನೂ ಒಟ್ಟಿಗೆ ನೋಡಿಯೇ ಮುಂದಿನ ಸಾಲ ನಿರ್ಧಾರವಾಗುತ್ತದೆ.

ಹದಿನೈದರವರೆಗೆ ಸಮಯವಿದೆ ಎಂದು ಇದನ್ನು ಓದಬಾರದು. ಸಿಬಿಲ್‌ಗೆ ಹೋಗದಿದ್ದರೂ ಬೌನ್ಸ್ ಆದದ್ದು ಕಂಪನಿಯ ಒಳಗಿನ ದಾಖಲೆಯಲ್ಲಿ ಉಳಿಯುತ್ತದೆ, ಲಿಮಿಟ್ ಇಳಿಯುವುದು ಅದರಿಂದ. ಬಾಕಿ 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎನಿಸಿಕೊಳ್ಳುತ್ತದೆ. ಅಲ್ಲಿಂದ ಹಿಂದಿರುಗುವ ದಾರಿ ಬಲು ಉದ್ದ.

ಇನ್ನು ಲಿಮಿಟ್ ಇಳಿದವರಿಗೆ ಮುಂದಿನ ಸಲ ಎದುರಾಗುವುದು ಚೆಕ್‌ಔಟಿನಲ್ಲಿ, ಅಂದರೆ ಖರೀದಿಯ ಕೊನೆಯ ಹೆಜ್ಜೆಯಲ್ಲಿ. ಸಾಮಾನು ಆರಿಸಿ, ವಿಳಾಸ ಹಾಕಿ, ಪೇ ಲೇಟರ್ ಒತ್ತಿದರೆ ‘ಕ್ಷಮಿಸಿ, ಈ ವ್ಯವಹಾರ ಸಾಧ್ಯವಿಲ್ಲ’ ಎಂದು ಬರುತ್ತದೆ. ಕಾರಣ ಹೇಳುವುದಿಲ್ಲ. ಆ ಕ್ಷಣದಲ್ಲಿ ಕಂಪನಿ ಪ್ರತಿ ಖರೀದಿಯನ್ನೂ ಹೊಸದಾಗಿ ತೂಗಿ ನೋಡುತ್ತದೆ. ಹಿಂದಿನ ಬಾಕಿ ಇರಬಹುದು, ಮ್ಯಾಂಡೇಟ್ ರದ್ದಾಗಿರಬಹುದು, ಹೊಸ ಫೋನ್ ಅಥವಾ ಸಿಮ್ ಬದಲಾಗಿರಬಹುದು, ಸಾಮಾನಿನ ಬೆಲೆ ಒಟ್ಟು ಲಿಮಿಟ್ಟಿನೊಳಗಿದ್ದರೂ ಒಂದು ಸಲದ ಮಿತಿ ಮೀರಿರಬಹುದು. ಆ್ಯಪಿನಲ್ಲಿ ಬಾಕಿಯ ಪುಟ ತೆರೆದು ಹಳೆಯ ದಂಡದ ಹತ್ತಿಪ್ಪತ್ತು ರೂಪಾಯಿ ಉಳಿದಿದೆಯೇ ನೋಡಿ. ಬಹಳ ಸಲ ಅಷ್ಟೇ ಇರುತ್ತದೆ.

ಅಂಗಡಿಯಲ್ಲಿ ಫೋನ್ ಕೊಳ್ಳುವಾಗ ಹೀಗಾದರೆ ಹುಡುಗರು ತಕ್ಷಣ, “ಅಕ್ಕಾರ, ಇದರಾಗ ಹೋಗವಲ್ದು, ಬ್ಯಾರೆದರಾಗ ನೋಡೋಣೇನ್ರಿ?” ಅನ್ನುತ್ತಾರೆ. ಅವರಿಗೆ ಮಾರಾಟ ಬೇಕು, ನಮಗೆ ಫೋನು. ಆದರೆ ಪ್ರತಿ ಹೊಸ ಕಂಪನಿಗೆ ಅರ್ಜಿ ಹಾಕಿದಾಗಲೂ ಅದು ನಿಮ್ಮ ವರದಿಯನ್ನು ತರಿಸುತ್ತದೆ ಮತ್ತು ಆ ವಿಚಾರಣೆ ದಾಖಲಾಗುತ್ತದೆ. ಒಂದೇ ಸಂಜೆ ನಾಲ್ಕು ಕಡೆ ಪ್ರಯತ್ನಿಸಿದರೆ, ಹಣಕ್ಕೆ ತುಂಬ ತೊಂದರೆಯಲ್ಲಿರುವವರು ಎಂದು ಐದನೆಯವರಿಗೆ ಕಾಣುತ್ತದೆ. ಮೊದಲ ನಿರಾಕರಣೆಯಲ್ಲಿ ಆದ ಹಾನಿಗಿಂತ ಇದು ಹೆಚ್ಚು.

ಚೆಕ್‌ಔಟಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಅನಾಹುತವೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯ. ನೆಟ್‌ವರ್ಕ್ ಕೈಕೊಟ್ಟು ಆರ್ಡರ್ ವಿಫಲವಾಯಿತು ಎಂದು ಪರದೆ ತೋರಿಸುತ್ತದೆ, ಅಷ್ಟರಲ್ಲಿ ಸಾಲ ಮಾತ್ರ ಹುಟ್ಟಿಬಿಟ್ಟಿರುತ್ತದೆ. ಅಥವಾ ಆರ್ಡರ್ ಬಂದು, ಸಾಮಾನು ಸರಿಯಿಲ್ಲ ಎಂದು ವಾಪಸ್ ಕಳಿಸಿರುತ್ತೀರಿ. ಮಾರಿದವರು ಹಣ ಹಿಂದಿರುಗಿಸುವುದು ನಿಮಗಲ್ಲ, ಸಾಲ ಕೊಟ್ಟ ಕಂಪನಿಗೆ. ಅದು ತಲುಪಿ ಸಾಲ ರದ್ದಾಗುವ ಮೊದಲೇ 5ನೇ ತಾರೀಖು ಬಂದರೆ, ನಿಮ್ಮ ಮನೆಯಲ್ಲಿ ಇಲ್ಲದ ಸಾಮಾನಿಗೆ ಕಂತು ಬೌನ್ಸ್ ಆಗುತ್ತದೆ. ಹೀಗಾಗಿ ಆರ್ಡರ್ ವಿಫಲವಾದ ಸಂಜೆಯೇ ಸಾಲದ ಆ್ಯಪಿನಲ್ಲಿ ಹೊಸ ಸಾಲ ಕಾಣುತ್ತಿದೆಯೇ ನೋಡಬೇಕು. ಕಾಣುತ್ತಿದ್ದರೆ ‘ಕೂಲಿಂಗ್ ಆಫ್’ ಅವಧಿ ನಿಮ್ಮ ನೆರವಿಗಿದೆ. ರಿಸರ್ವ್ ಬ್ಯಾಂಕಿನ 2025ರ ಡಿಜಿಟಲ್ ಸಾಲ ನಿರ್ದೇಶನಗಳ ಪ್ರಕಾರ ಕನಿಷ್ಠ ಒಂದು ದಿನದ ಈ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿಯ ಖರ್ಚು ಮಾತ್ರ ಕೊಟ್ಟು, ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ನಿಮ್ಮ ಸಾಲಕ್ಕೆ ಎಷ್ಟು ದಿನ ಎಂಬುದು ಸಾಲದ ಜೊತೆ ಕೊಡಲೇಬೇಕಾದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆಯಲ್ಲಿರುತ್ತದೆ. ದಂಡ ಎಷ್ಟು ಎಂಬುದೂ ಅದರಲ್ಲೇ ಇರುತ್ತದೆ. ಮೊದಲ ಪಾಲನ್ನು ಯುಪಿಐನಲ್ಲಿ ಕಟ್ಟಿ ಆರ್ಡರ್ ವಿಫಲವಾಗಿದ್ದರೆ ಆ ಹಣ ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಈ ನಿಯಮ 2019ರಿಂದ ಇದೆ.

ಎಲ್ಲ ಕಂತನ್ನೂ ಸಮಯಕ್ಕೆ ಕಟ್ಟಿದವರ ಲಿಮಿಟ್ಟೂ ಇಳಿಯುತ್ತದೆ. ಅದಕ್ಕೆ ಕಾರಣ ನಿಮ್ಮಲ್ಲಿ ಹುಡುಕಬೇಡಿ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇಂಥ ಅಡಮಾನವಿಲ್ಲದ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಬಂಡವಾಳ ತೆಗೆದಿಡಬೇಕೆಂದು ಮಾಡಿದ ಮೇಲೆ ಹಲವು ಕಂಪನಿಗಳು ಸಣ್ಣ ಸಾಲಗಳಿಂದ ಕೈ ಹಿಂದೆಗೆದುಕೊಂಡವು. ಬೆಂಗಳೂರಿನ ಜೆಸ್ಟ್‌ಮನಿ 2015ರಿಂದ ಕಂತಿನ ವ್ಯವಹಾರದಲ್ಲಿ ದೊಡ್ಡ ಹೆಸರಾಗಿತ್ತು. ಅದನ್ನು ಫೋನ್‌ಪೇ ಕೊಳ್ಳುವ ಮಾತುಕತೆ ಮುರಿದುಬಿದ್ದು 2023ರ ಕೊನೆಗೆ ಮುಚ್ಚಿತು. ಇಂಥ ಸಂದರ್ಭದಲ್ಲಿ ಆ್ಯಪ್ ಮುಚ್ಚಿತು, ಇನ್ನು ಕಟ್ಟಬೇಕಿಲ್ಲ ಎಂದುಕೊಂಡರೆ ಮೋಸ ಹೋಗುತ್ತೀರಿ. ಆ್ಯಪ್ ನಡುವಿನ ದಲ್ಲಾಳಿ, ಸಾಲ ಕೊಟ್ಟದ್ದು ಹಿಂದಿನ ಬ್ಯಾಂಕೋ ಫೈನಾನ್ಸ್ ಕಂಪನಿಯೋ. ಬಾಕಿ ಅವರಿಗೆ ಸೇರಬೇಕು, ದಾಖಲೆ ಕಳಿಸುವವರೂ ಅವರೇ. ನಿಮ್ಮ ಸಾಲದ ಹಿಂದೆ ಇರುವ ಆ ಹೆಸರನ್ನು ಇವತ್ತೇ ಒಂದು ಕಡೆ ಬರೆದಿಟ್ಟುಕೊಳ್ಳಿ.

ದಂಡದ ಬಗ್ಗೆ ತಕರಾರಿದ್ದರೆ ಒಂದು ಅಂಶ ಪರೀಕ್ಷಿಸಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ದಂಡದ ಹೆಸರಿನಲ್ಲಿ ಬಡ್ಡಿ ದರ ಏರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಆ್ಯಪಿನಲ್ಲಿ ಬಾಕಿ ದಿನದಿನಕ್ಕೂ ಬೆಳೆಯುತ್ತಿದ್ದರೆ ಲೆಕ್ಕದ ವಿವರ ಬರಹದಲ್ಲಿ ಕೇಳಿ. ವಾಸ್ತವವಾಗಿ ಕಟ್ಟಿದ ಕಂತು ಕಟ್ಟಿಲ್ಲ ಎಂದು ಸಿಬಿಲ್‌ನಲ್ಲಿ ಕಾಣುತ್ತಿದ್ದರೆ ಕಂಪನಿಗೂ ಸಿಬಿಲ್‌ಗೂ ದೂರು ಕೊಡಬೇಕು, 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಕಂಪನಿಯ ದೂರು ಅಧಿಕಾರಿ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ವಿಚಾರಿಸಲು ಸಂಪರ್ಕ ಸಂಖ್ಯೆ 14448. ಜೊತೆಗೆ ಬೇಕಾಗುವುದು ಬೌನ್ಸ್ ಆದ ದಿನದ ಪಾಸ್‌ಬುಕ್ ನಮೂದು, ಆ್ಯಪಿನ ಬಾಕಿ ಪುಟದ ಚಿತ್ರ, ಕಟ್ಟಿದ್ದಕ್ಕೆ ಯುಪಿಐ ಸಂಖ್ಯೆ.

ಕಂತಿನ ತಾರೀಖು ಬದಲಿಸಲು ಕೆಲವು ಕಂಪನಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಕೇಳಬೇಕಾದ ಸಮಯ ಮಾತ್ರ ಸಾಲ ತೆಗೆಯುವ ಮುಂಚೆ. ಸಂಬಳ 7ಕ್ಕೆ ಬರುವವರು 10ರ ತಾರೀಖು ಸಿಗದಿದ್ದರೆ ಆ ಸಾಲ ಬಿಡುವುದು, ಇಲ್ಲವೇ ಹಿಂದಿನ ಸಂಬಳ ಬಂದ ದಿನವೇ ಮುಂದಿನ ಕಂತಿನ ಹಣವನ್ನು ಆ್ಯಪಿನಲ್ಲಿ ಮುಂಗಡ ಕಟ್ಟಿಬಿಡುವುದು ಸರಿ. ಮುಂಗಡ ಕಟ್ಟಿದ ಮೇಲೂ 5ರಂದು ಆಟೋ ಡೆಬಿಟ್ ಮತ್ತೆ ಹಣ ತೆಗೆದ ಉದಾಹರಣೆಗಳಿವೆ, ಆದ್ದರಿಂದ ಕಟ್ಟಿದ ನಂತರ ಆ ತಿಂಗಳ ಕಂತು ‘Paid’ ಎಂದು ಬದಲಾಗಿದೆಯೇ ನೋಡಿ. ಕೊನೆಯ ಕಂತಿನ ನಂತರ ಬಾಕಿಯಿಲ್ಲ ಎಂಬ ಪತ್ರ ಇಳಿಸಿಕೊಂಡು, ಮ್ಯಾಂಡೇಟ್ ರದ್ದಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ, ಎರಡು ತಿಂಗಳ ಬಳಿಕ ಸಿಬಿಲ್ ವರದಿಯಲ್ಲಿ ಆ ಸಾಲದ ಎದುರು ‘Closed’ ಎಂದು ಬಂದಿರುವುದನ್ನು ಖಚಿತಪಡಿಸಿಕೊಳ್ಳಿ.